ಸಮಾವೇಶದಲ್ಲಿ ಸಿಕ್ಕವರಿಗೆ ಪತ್ರ ಬರೆಯುವುದು ಹೇಗೆ?

ಶಿವಮೊಗ್ಗದಲ್ಲಿ ಸಂಬಾರ ಬೆಳೆಗಳ ಕುರಿತ ಎರಡು ದಿನಗಳ ವಿಚಾರಸಂಕಿರಣವೊಂದು ಶನಿವಾರ ಸಂಜೆ ಮುಗಿದಿದೆ ಎಂದಿಟ್ಟುಕೊಳ್ಳೋಣ. ತೀರ್ಥಹಳ್ಳಿ ತಾಲ್ಲೂಕಿನ ಕಾಳುಮೆಣಸು ಬೆಳೆಗಾರರೊಬ್ಬರು ಅಲ್ಲಿ ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತಿದ್ದಾಗ, ಬೆಂಗಳೂರಿನ ಮಸಾಲೆ ಪುಡಿ ಸಂಸ್ಥೆಯೊಂದರ ಖರೀದಿ ವ್ಯವಸ್ಥಾಪಕಿಯೊಂದಿಗೆ ಹತ್ತು ನಿಮಿಷ ಮಾತನಾಡಿದ್ದಾರೆ. ಲೀಟರಿಗೆ 550 ಗ್ರಾಂ ತೂಗುವ, ತೇವಾಂಶ ಶೇ 11 ಮೀರದ ಮೆಣಸು ತಮಗೆ ಬೇಕೆಂದು ಅವರು ಹೇಳಿದ್ದಾರೆ. ಕಾರ್ಡು ಕೊಟ್ಟು, ‘ಬರೆಯಿರಿ, ನೋಡೋಣ’ ಎಂದಿದ್ದಾರೆ. ಆ ‘ನೋಡೋಣ’ ಎಂಬುದನ್ನು ಬೆಳೆಗಾರರು ಮುಂದಕ್ಕೆ ಒಯ್ಯಬೇಕಾದದ್ದು ಒಂದು ಪತ್ರದ ಮೂಲಕ. ಅದನ್ನು ಬರೆಯುವ ಕ್ರಮವನ್ನು ಈ ಒಂದೇ ಪ್ರಸಂಗವನ್ನಿಟ್ಟುಕೊಂಡು ನೋಡಬಹುದು.

ಮೊದಲು: ಊರು ತಲುಪುವ ಮುಂಚೆಯೇ ಟಿಪ್ಪಣಿ

ಪತ್ರದ ಕೆಲಸ ಆರಂಭವಾಗುವುದು ಅದೇ ದಿನ. ಕಾರ್ಡಿನ ಹಿಂಬದಿಯಲ್ಲಿ ನಾಲ್ಕು ವಿಷಯ ಬರೆದಿಟ್ಟುಕೊಳ್ಳಬೇಕು: ಎಲ್ಲಿ ಸಿಕ್ಕರು, ಅವರು ಕೇಳಿದ್ದೇನು, ಅವರು ಹೇಳಿದ ಅಂಕಿಗಳೇನು, ಯಾರು ಯಾರಿಗೆ ಏನು ಮಾಡುತ್ತೇನೆಂದರು. ನುಣುಪು ಕಾರ್ಡಿನ ಮೇಲೆ ಪೆನ್ನು ಮೂಡದಿದ್ದರೆ ಕಾರ್ಡಿನ ಫೋಟೊ ತೆಗೆದು, ಫೋನಿನಲ್ಲೇ ನಾಲ್ಕು ಸಾಲು ಮಾತಾಡಿ ಧ್ವನಿಮುದ್ರಿಸಿಕೊಳ್ಳಬಹುದು; ತೀರ್ಥಹಳ್ಳಿಯ ಬಸ್ಸಿನಲ್ಲಿ ಕುಳಿತು ಬರೆಯುವುದಕ್ಕಿಂತ ಅದು ಸುಲಭ. ಎರಡು ದಿನಗಳಲ್ಲಿ ಹತ್ತಾರು ಜನರೊಂದಿಗೆ ಮಾತಾಡಿದ ಮೇಲೆ 550 ಎಂದವರು ಯಾರು, 500 ಎಂದವರು ಯಾರು ಎಂಬುದು ಕಲಸಿಹೋಗುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕಿ ಬರೆದ ಪತ್ರವು ಪತ್ರವನ್ನೇ ಬರೆಯದಿರುವುದಕ್ಕಿಂತ ಕೆಟ್ಟದ್ದು.

ಯಾವಾಗ, ಯಾವುದರಲ್ಲಿ?

ಅದೇ ರಾತ್ರಿ ಬರೆಯಬೇಕಾದ ಅವಸರವಿಲ್ಲ. ಎದುರಿನವರೂ ಪ್ರಯಾಣದಲ್ಲಿರುತ್ತಾರೆ, ಸೋಮವಾರ ಬೆಳಿಗ್ಗೆ ಅವರ ಅಂಚೆಪೆಟ್ಟಿಗೆ ತುಂಬಿಕೊಂಡಿರುತ್ತದೆ. ಶನಿವಾರ ಮುಗಿದ ಸಭೆಗೆ ಸೋಮವಾರ ಮಧ್ಯಾಹ್ನ ಅಥವಾ ಮಂಗಳವಾರ ಬೆಳಿಗ್ಗೆ ಬರೆಯುವುದು ಒಳ್ಳೆಯದು. ವಾರ ದಾಟಿದರೆ ಅವರಿಗೆ ನಿಮ್ಮ ಮುಖವೂ ನೆನಪಿರುವುದು ಕಷ್ಟ, ಮಾತಂತೂ ದೂರ.

‘ವಾಟ್ಸ್‌ಆ್ಯಪ್ ಮಾಡಿ’ ಎಂದು ಅವರೇ ಹೇಳಿದ್ದರೆ ಅದರಲ್ಲೇ ಬರೆಯಿರಿ, ಆದರೆ ಧ್ವನಿಸಂದೇಶ ಬೇಡ. ಉಳಿದಂತೆ ಇ-ಮೇಲ್ ಸರಿ. ಇಂಥ ಪತ್ರವನ್ನು ಓದಿದವರು ಅದನ್ನು ತಮ್ಮ ಗುಣಮಟ್ಟ ವಿಭಾಗಕ್ಕೋ ಮೇಲಧಿಕಾರಿಗೋ ರವಾನಿಸಬೇಕಾಗುತ್ತದೆ, ಅದಕ್ಕೆ ಇ-ಮೇಲ್‌ನಷ್ಟು ಅನುಕೂಲ ಬೇರೆಯದಕ್ಕಿಲ್ಲ. ಮಾತುಕತೆ ಕನ್ನಡದಲ್ಲಿ ನಡೆದಿದ್ದರೆ ಪತ್ರವೂ ಕನ್ನಡದಲ್ಲಿರಲಿ. ಕನ್ನಡ ಬಾರದವರಿಗೆ ಅದು ಹೋಗಬಹುದೆನಿಸಿದರೆ ಕೆಳಗೆ ಮೂರು ಸಾಲಿನ ಇಂಗ್ಲಿಷ್ ಸಾರಾಂಶ ಸೇರಿಸಬಹುದು. ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಇ-ಮೇಲ್‌ಗೆ ನಕಲಿಸಿದರೆ, ಆ ಕಡೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದು, ಮೊದಲು ಮನೆಯ ಇನ್ನೊಂದು ಫೋನಿಗೆ ಕಳುಹಿಸಿ ನೋಡಿಕೊಂಡರೆ ಈ ತೊಂದರೆ ತಪ್ಪುತ್ತದೆ.

ನೆನಪಿಸುವ ಭಾಗ

ಪತ್ರದಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಇಲ್ಲಿ. ‘ತಮ್ಮನ್ನು ಭೇಟಿಯಾದದ್ದು ತುಂಬಾ ಸಂತೋಷ’ ಎಂಬ ವಾಕ್ಯ ಯಾರನ್ನೂ ಯಾರಿಗೂ ನೆನಪಿಸುವುದಿಲ್ಲ. ಸ್ಥಳ, ಸಮಯ ಮತ್ತು ಆ ಮಾತುಕತೆಯಲ್ಲಿ ಮಾತ್ರ ಬಂದಿರಬಹುದಾದ ಒಂದು ವಿವರ, ಇಷ್ಟು ಇದ್ದರೆ ಸಾಕು. ನಮ್ಮ ಪ್ರಸಂಗದಲ್ಲಿ, ಕೊಯ್ದ ಮೆಣಸನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಒಣಗಿಸಿದರೆ ಬಣ್ಣ ಒಂದೇ ಸಮನಾಗಿ ಕಪ್ಪಾಗುತ್ತದೆ ಎಂಬ ವಿಷಯ ಬಂದಾಗ, ವ್ಯವಸ್ಥಾಪಕಿಯವರು ‘ಮಲೆನಾಡಿನಲ್ಲಿ ಎಷ್ಟು ಜನ ಹಾಗೆ ಮಾಡುತ್ತಾರೆ?’ ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಹೇಳಿದರೆ ಅವರಿಗೆ ಮುಖವೂ ಮಾತೂ ಒಟ್ಟಿಗೆ ನೆನಪಾಗುತ್ತವೆ. ಅವರ ಪ್ರಶ್ನೆಯನ್ನು ಹಿಡಿದುಕೊಳ್ಳುವುದು ನಿಮ್ಮ ಉತ್ತರವನ್ನು ಮತ್ತೆ ಹೇಳುವುದಕ್ಕಿಂತ ಯಾವಾಗಲೂ ಮೇಲು, ಏಕೆಂದರೆ ಜನರು ತಾವು ಕೇಳಿದ್ದನ್ನು ನೆನಪಿಟ್ಟುಕೊಂಡಷ್ಟು ಇತರರು ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಅವರು ಹೇಳಿದ್ದಕ್ಕಿಂತ ಹೆಚ್ಚನ್ನು ಬರೆಯಬಾರದು. ‘ನೋಡೋಣ’ ಎಂದದ್ದನ್ನು ‘ತಾವು ಕೊಳ್ಳಲು ಒಪ್ಪಿದಂತೆ’ ಎಂದು ಬರೆದರೆ, ಅವರು ಉತ್ತರಿಸುವ ಮೊದಲು ಹಿಂದೆ ಸರಿಯಬೇಕಾಗುತ್ತದೆ, ಹಾಗಾದಾಗ ಸುಮ್ಮನಿರುವುದೇ ಅವರಿಗೆ ಸುಲಭದ ದಾರಿ. ಹಾಗೆಯೇ ಊಟದ ಸಾಲಿನಲ್ಲಿ ಸಲುಗೆಯಿಂದ ಬಂದ ಮಾತು ಪತ್ರದಲ್ಲಿ ಬರಬಾರದು. ‘ಈಗ ಪೂರೈಸುವವರ ಮಾಲಿನಲ್ಲಿ ಜೊಳ್ಳು ಜಾಸ್ತಿ’ ಎಂದು ಅವರು ಹೇಳಿದ್ದರೂ ಅದನ್ನು ನೆನಪಿಸುವುದು ತಪ್ಪು. ಪತ್ರ ಅವರ ಕಚೇರಿಯಲ್ಲಿ ನಾಲ್ಕು ಮೇಜು ಸುತ್ತಬಹುದೆಂಬುದನ್ನು ಮರೆಯದೆ ಬರೆಯಬೇಕು.

ಮುಂದಿನ ಹೆಜ್ಜೆ ಎಷ್ಟು ದೊಡ್ಡದಿರಬೇಕು?

‘ಒಮ್ಮೆ ಕುಳಿತು ಮಾತಾಡೋಣ’, ‘ತಮ್ಮ ಬೆಲೆ ತಿಳಿಸಿ’ ಎಂಬ ಎರಡೂ ಈ ಹಂತಕ್ಕೆ ಸಲ್ಲವು. ಮೊದಲನೆಯದರಲ್ಲಿ ಏನು ಮಾತಾಡಬೇಕೆಂದು ಅವರೇ ಯೋಚಿಸಬೇಕು. ಎರಡನೆಯದಕ್ಕೆ ಮಾಲು ನೋಡದೆ ಯಾವ ಖರೀದಿದಾರರೂ ಉತ್ತರಿಸುವುದಿಲ್ಲ. ಒಳ್ಳೆಯ ಹೆಜ್ಜೆ ಒಂದೇ ಆಗಿರಬೇಕು, ಅದರ ಶ್ರಮ ಬರೆಯುವವರ ಮೇಲಿರಬೇಕು, ಅದಕ್ಕೊಂದು ದಿನ ಗೊತ್ತಾಗಿರಬೇಕು, ಎದುರಿನವರು ಒಂದೇ ಸಾಲಿನಲ್ಲಿ ಹೂಂ ಅಥವಾ ಬೇಡ ಎನ್ನುವಂತಿರಬೇಕು. ಮೆಣಸಿನ ವ್ಯವಹಾರದಲ್ಲಿ ಆ ಹೆಜ್ಜೆ ಮಾದರಿ ಕಳುಹಿಸುವುದು. ತೋಟ ನೋಡಲು ಕರೆಯುವುದು ಆತಿಥ್ಯದ ದೃಷ್ಟಿಯಿಂದ ಚೆನ್ನವೇ, ಆದರೆ ಬೆಂಗಳೂರಿನಿಂದ ಬರುವವರಿಗೆ ಅದು ಎರಡು ದಿನದ ಕೆಲಸ. ಅದನ್ನು ಮಾದರಿ ಒಪ್ಪಿಗೆಯಾದ ಮೇಲೆ ಇಟ್ಟುಕೊಳ್ಳಿ.

ಪತ್ರ ಹೀಗಿರಬಹುದು:

ವಿಷಯ: ಶಿವಮೊಗ್ಗದಲ್ಲಿ ಮಾತಾಡಿದ ಕಾಳುಮೆಣಸು – 500 ಗ್ರಾಂ ಮಾದರಿ ಕಳುಹಿಸುವ ಬಗ್ಗೆ

ಮಾನ್ಯರೇ, ನಮಸ್ಕಾರ.

ಶನಿವಾರ ಶಿವಮೊಗ್ಗದ ವಿಚಾರಸಂಕಿರಣದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ತಮ್ಮೊಂದಿಗೆ ಮಾತನಾಡಿದ ತೀರ್ಥಹಳ್ಳಿ ಕಡೆಯ ಬೆಳೆಗಾರ ನಾನು. ಮೆಣಸನ್ನು ಬಿಸಿನೀರಿನಲ್ಲಿ ಅದ್ದಿ ಒಣಗಿಸುವವರು ಮಲೆನಾಡಿನಲ್ಲಿ ಎಷ್ಟು ಜನ ಎಂದು ತಾವು ಕೇಳಿದ್ದಿರಿ. ನಮ್ಮ ಮನೆಯಲ್ಲಿ ಈ ಸಲದ ಕೊಯ್ಲನ್ನೆಲ್ಲ ಹಾಗೆಯೇ ಒಣಗಿಸಿದ್ದೇವೆ.

ಲೀಟರಿಗೆ 550 ಗ್ರಾಂ ತೂಕ ಮತ್ತು ಶೇ 11ರೊಳಗಿನ ತೇವಾಂಶ ಬೇಕೆಂದು ತಾವು ತಿಳಿಸಿದ್ದಿರಿ. ಸದ್ಯ ಚೀಲ ತುಂಬಿರುವ 300 ಕೆ.ಜಿ. ಮೆಣಸು ನನ್ನಲ್ಲಿದೆ. ಮನೆಯಲ್ಲಿ ತೂಗಿದಾಗ ಲೀಟರಿಗೆ 545 ಗ್ರಾಂ ಬಂದಿದೆ. ತೇವಾಂಶವನ್ನು ಇನ್ನೂ ಅಳೆಸಿಲ್ಲ.

ಈ ಮಾಲಿನಿಂದ 500 ಗ್ರಾಂ ಮಾದರಿಯನ್ನು ಗುರುವಾರ ನನ್ನ ಖರ್ಚಿನಲ್ಲಿ ಕೊರಿಯರ್ ಮಾಡಬಹುದೇ? ಆಗಬಹುದಾದರೆ ಯಾರ ಹೆಸರಿಗೆ, ಯಾವ ವಿಳಾಸಕ್ಕೆ ಎಂದಷ್ಟೇ ತಿಳಿಸಿದರೆ ಸಾಕು.

ಇತಿ ವಂದನೆಗಳೊಂದಿಗೆ,
ಹೆಸರು, ಊರು, ತಾಲ್ಲೂಕು, ಫೋನ್ ಸಂಖ್ಯೆ

ಪತ್ರ ಇಷ್ಟೇ. ಮನೆತನದ ಇತಿಹಾಸ, ತೋಟದ ಹತ್ತು ಚಿತ್ರಗಳು, ಏಲಕ್ಕಿ ಜಾಯಿಕಾಯಿಗಳ ಪಟ್ಟಿ ಯಾವುದೂ ಬೇಕಿಲ್ಲ. ಅಂಗಳದಲ್ಲಿ ಒಣಗುತ್ತಿರುವ ಮೆಣಸಿನ ಒಂದು ಚಿತ್ರವನ್ನು ಲಗತ್ತಿಸಬಹುದು.

545 ಎಂದು ಬರೆಯುವ ಬದಲು 550 ಎಂದು ಬರೆದುಬಿಡೋಣ ಎನ್ನಿಸುವುದು ಸಹಜ, ವ್ಯತ್ಯಾಸ ಐದೇ ಗ್ರಾಂ. ಆದರೆ ಮಾದರಿ ಕೈಸೇರಿದ ಕೂಡಲೇ ಅವರು ಮಾಡುವ ಮೊದಲ ಕೆಲಸವೇ ಅಳೆದು ತೂಗುವುದು. ಪತ್ರದಲ್ಲಿದ್ದ ಅಂಕಿ ಅಲ್ಲಿಯೂ ಬಂದರೆ ಆಮೇಲೆ ನೀವು ಹೇಳುವ ಎಲ್ಲ ಅಂಕಿಗಳಿಗೂ ಬೆಲೆ ಬರುತ್ತದೆ. ಒಂದು ಲೀಟರ್ ಅಳತೆಯ ಪಾತ್ರೆಯನ್ನು ಕುಲುಕದೆ, ಒತ್ತದೆ ತುಂಬಿ, ಬಾಯನ್ನು ಪಟ್ಟಿಯಿಂದ ಸಮ ಮಾಡಿ ತೂಗಬೇಕು. ಹೀಗೆ ಮೂರು ಸಲ ತೂಗಿ ಸರಾಸರಿ ಬರೆಯಬೇಕು. ಕುಲುಕಿ ತುಂಬಿದರೆ ಕಾಳು ಒತ್ತೊತ್ತಾಗಿ ಕುಳಿತು ತೂಕ ಹೆಚ್ಚು ತೋರಿಸುತ್ತದೆ, ಅವರ ತಕ್ಕಡಿಯಲ್ಲಿ ಅದು ಬರುವುದಿಲ್ಲ. ತೇವಾಂಶವನ್ನು ಹಲ್ಲಿನಲ್ಲಿ ಕಡಿದು ಅಂದಾಜು ಮಾಡುವವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅನುಭವಿಗಳ ಅಂದಾಜು ಹತ್ತಿರವೇ ಬರುತ್ತದೆ ಕೂಡ. ಆದರೂ ಪತ್ರದಲ್ಲಿ ಬರೆಯುವುದಕ್ಕೆ ಮಾಪಕದಲ್ಲಿ ಬಂದ ಅಂಕಿ ಬೇಕು, ಇಲ್ಲದಿದ್ದರೆ ‘ಅಳೆಸಿಲ್ಲ’ ಎಂದೇ ಬರೆಯಬೇಕು.

ಉತ್ತರ ಬಾರದಿದ್ದರೆ

ಒಂದು ವಾರ ಕಾದು, ಮೊದಲ ಪತ್ರಕ್ಕೇ ಪ್ರತ್ಯುತ್ತರದ ರೂಪದಲ್ಲಿ ಎರಡನೆಯದನ್ನು ಬರೆಯಬೇಕು. ಹಾಗೆ ಮಾಡಿದರೆ ಹಳೆಯದನ್ನು ಅವರು ಹುಡುಕಬೇಕಾಗುವುದಿಲ್ಲ. ‘ನನ್ನ ಪತ್ರ ತಲುಪಿತೇ?’ ಎಂದು ಮಾತ್ರ ಕೇಳುವುದು ಬಾಕಿ ವಸೂಲಿಯಂತೆ ಕೇಳಿಸುತ್ತದೆ. ಹೊಸದೊಂದು ಮಾಹಿತಿ ಇದ್ದರೆ ಬರೆಯಲು ಕಾರಣವೂ ಇರುತ್ತದೆ. ಮೊದಲ ಪತ್ರದಲ್ಲಿ ತೇವಾಂಶದ ಜಾಗವನ್ನು ಖಾಲಿ ಬಿಟ್ಟದ್ದು ಇಲ್ಲಿ ಅನುಕೂಲಕ್ಕೆ ಬರುತ್ತದೆ: ‘ತೇವಾಂಶ ಅಳೆಸಿದ್ದೇನೆ, ಶೇ 10.8 ಬಂದಿದೆ. ಮಾದರಿ ಸಿದ್ಧವಿದೆ, ತಾವು ವಿಳಾಸ ತಿಳಿಸಿದ ಮರುದಿನ ಹೊರಡುತ್ತದೆ.’ ಇದಕ್ಕೂ ಉತ್ತರವಿಲ್ಲದಿದ್ದರೆ ನಿಲ್ಲಿಸಬೇಕು. ಫೋನ್ ಮಾಡುತ್ತಲೇ ಇರುವುದರಿಂದ ಮುಂದಿನ ವರ್ಷದ ದಾರಿಯೂ ಮುಚ್ಚುತ್ತದೆ. ಮುಂದಿನ ಕೊಯ್ಲು ಮುಗಿದು ಹೊಸ ಮಾಲಿನ ಅಂಕಿಗಳು ಕೈಯಲ್ಲಿರುವಾಗ ಇದೇ ಪತ್ರದ ಕೆಳಗೆ ಮತ್ತೊಮ್ಮೆ ಬರೆಯಬಹುದು. ‘ಈ ವರ್ಷ ಬೇಡ’ ಎಂಬ ಉತ್ತರ ಬಂದರೂ ಒಂದು ಸಾಲಿನಲ್ಲಿ ವಂದನೆ ತಿಳಿಸಿ, ಎಷ್ಟು ಪ್ರಮಾಣದಿಂದ ಮೇಲೆ ಅವರು ಕೊಳ್ಳುತ್ತಾರೆಂದು ಕೇಳಿಟ್ಟುಕೊಳ್ಳುವುದು ಲೇಸು. ಹಲವು ಸಲ ಅಡ್ಡಿಯಾಗಿರುವುದು ಗುಣಮಟ್ಟವಲ್ಲ, 300 ಕೆ.ಜಿ.ಗೆಂದು ಲಾರಿ ಕಳುಹಿಸಲಾಗದು ಎಂಬುದು. ಅಂಥ ಸಂದರ್ಭದಲ್ಲಿ ಅಕ್ಕಪಕ್ಕದ ಬೆಳೆಗಾರರು ಸೇರಿ ಪ್ರಮಾಣ ಕೂಡಿಸಬಹುದು.

ಒಪ್ಪಿಗೆ ಬಂದಾಗ

ಗುರುವಾರ ಎಂದು ಬರೆದ ಮೇಲೆ ಗುರುವಾರವೇ ಕಳುಹಿಸಬೇಕು. ಮಳೆಯೋ ಕರೆಂಟೋ ಕೈಕೊಟ್ಟರೆ ಆ ದಿನವೇ ಒಂದು ಸಾಲು ತಿಳಿಸಬೇಕು. ಮಾದರಿಗಾಗಿ ದಪ್ಪ ಕಾಳುಗಳನ್ನು ಆರಿಸಿ ಕಳುಹಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ, ಏಕೆಂದರೆ 300 ಕೆ.ಜಿ. ಹೋಗಿ ಇಳಿದಾಗ ಹೋಲಿಸುವುದು ಆ ಮಾದರಿಯೊಂದಿಗೇ. ಪ್ರತಿ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು, ಒಟ್ಟು ಬೆರೆಸಿ, ಅದರಿಂದ ಒಂದು ಕೆ.ಜಿ. ತೂಗಿಕೊಳ್ಳಬೇಕು. ಅರ್ಧವನ್ನು ಗಾಳಿಯಾಡದ ಪೊಟ್ಟಣದಲ್ಲಿ ಹಾಕಿ, ಊರು, ಕೊಯ್ಲಿನ ತಿಂಗಳು, ಒಟ್ಟು ಪ್ರಮಾಣ ಬರೆದ ಚೀಟಿಯೊಂದಿಗೆ ಕಳುಹಿಸಿ, ಕೊರಿಯರ್ ಸಂಖ್ಯೆಯನ್ನು ಅದೇ ಪತ್ರದ ಕೆಳಗೆ ತಿಳಿಸಬೇಕು. ಉಳಿದರ್ಧವನ್ನು ಅದೇ ಬಗೆಯ ಪೊಟ್ಟಣದಲ್ಲಿ ಮುಚ್ಚಿ, ದಿನಾಂಕ ಬರೆದು, ವ್ಯವಹಾರ ತೀರುವವರೆಗೆ ಮನೆಯಲ್ಲಿ ಇಟ್ಟುಕೊಳ್ಳಬೇಕು. ‘ತೇವಾಂಶ ಶೇ 13 ಬಂದಿದೆ’ ಎಂದು ಆ ಕಡೆಯಿಂದ ಬರೆದರೆ, ವಾದಕ್ಕಿಳಿಯದೆ ಮನೆಯಲ್ಲಿರುವ ಪೊಟ್ಟಣವನ್ನು ಅಳೆಸಿ ನೋಡಬಹುದು. ಅದು ಶೇ 10.8ರಲ್ಲೇ ಇದ್ದರೆ ದಾರಿಯಲ್ಲಿ ಪೊಟ್ಟಣ ಒದ್ದೆಯಾಗಿರಬಹುದು ಅಥವಾ ಎರಡು ಮಾಪಕಗಳು ಹೊಂದುತ್ತಿಲ್ಲದಿರಬಹುದು ಎಂದು ತಿಳಿಸಿ, ಇನ್ನೊಂದು ಮಾದರಿ ಕಳುಹಿಸಲು ಅನುಮತಿ ಕೇಳಬಹುದು.