₹5,000ದ ಗಿಫ್ಟ್ ವೋಚರ್, ₹13,000ದ ಸಾಮಾನು: ಕೈಯಿಂದ ಕೊಡಬೇಕಾದ್ದು ಎಷ್ಟು?

ಮದುವೆಯಲ್ಲಿ ಮುಯ್ಯಿ ಲಕೋಟೆಯೊಳಗೆ ನೋಟಿನ ಬದಲು ಅಂಗಡಿಯ ಗಿಫ್ಟ್ ವೋಚರ್ ಇಟ್ಟು ಕೊಡುವವರಿದ್ದಾರೆ. ವೋಚರಿನ ಮೊತ್ತದೊಳಗೇ ಸಾಮಾನು ಸಿಕ್ಕರೆ ಲೆಕ್ಕದ ತಕರಾರಿಲ್ಲ. ಬೆಲೆ ಅದನ್ನು ಮೀರಿದಾಗಲೇ ಕೌಂಟರಿನಲ್ಲಿ ಮಾತು ಬೆಳೆಯುವುದು. ಪೀಠೋಪಕರಣದ ಅಂಗಡಿಯಲ್ಲಿ ಸಾಗಣೆಯೂ ಸೇರಿ ₹13,000ದ ಸಾಮಾನು ಆರಿಸಿದ್ದೀರಿ, ಅದರ ಮೇಲೆ ಶೇ 18 ಜಿಎಸ್‌ಟಿ, ಕೈಯಲ್ಲಿ ₹5,000ದ ವೋಚರ್ ಇದೆ ಎಂದುಕೊಳ್ಳಿ. ಹೆಚ್ಚಿನವರು ಮನಸ್ಸಿನಲ್ಲೇ 13,000ದಲ್ಲಿ 5,000 ಕಳೆಯುತ್ತಾರೆ. ಉಳಿದ 8,000ಕ್ಕೆ ತೆರಿಗೆ ಸೇರಿಸಿ ₹9,440 ಎಂದು ಲೆಕ್ಕ ಹಾಕಿಕೊಂಡು ಹೋಗುತ್ತಾರೆ. ಕ್ಯಾಷಿಯರ್ ಕೇಳುವುದು ₹10,340. ಇಲ್ಲಿ ಸರಿ ಇರುವುದು ಕ್ಯಾಷಿಯರ್ ಲೆಕ್ಕವೇ.

ಕಾರಣ ಸರಳ. ವೋಚರ್ ಬೆಲೆಯನ್ನು ಇಳಿಸುವುದಿಲ್ಲ; ಬೆಲೆಯ ಒಂದು ಭಾಗವನ್ನು ಪಾವತಿ ಮಾಡುತ್ತದೆ. ನಿಮ್ಮ ಪರವಾಗಿ ಯಾರೋ ಅಂಗಡಿಗೆ ಮೊದಲೇ ಕಟ್ಟಿಟ್ಟ ಹಣ ಅದು. ₹5,000 ನೋಟು ಕೊಟ್ಟರೂ, ಯುಪಿಐನಲ್ಲಿ ಹಾಕಿದರೂ, ವೋಚರ್ ತೋರಿಸಿದರೂ ಸಾಮಾನಿನ ಬೆಲೆ ಸಾಮಾನಿನ ಬೆಲೆಯೇ. ತೆರಿಗೆ ಬೀಳುವುದು ಆ ಬೆಲೆಯ ಮೇಲೆ.

‘ವೋಚರ್ ಕೊಳ್ಳುವಾಗಲೇ ತೆರಿಗೆ ಕಟ್ಟಿರುತ್ತಾರಲ್ಲ, ಮತ್ತೆ ಯಾಕೆ?’ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರ ಸಿಗುವ ದಾರಿಯಲ್ಲಿ ಕರ್ನಾಟಕದ ಪಾತ್ರವೂ ಇದೆ. ವೋಚರ್ ಎನ್ನುವುದು ಹಣದಂತೆ ಬಳಸುವ ಸಾಧನ, ಅದನ್ನೇ ಸರಕು ಅಥವಾ ಸೇವೆ ಎಂದು ತೆರಿಗೆಗೆ ಗುರಿಪಡಿಸಲಾಗದು ಎಂದು ಕರ್ನಾಟಕ ಹೈಕೋರ್ಟ್ ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಪ್ರಕರಣದಲ್ಲಿ 2023ರ ಜನವರಿಯಲ್ಲಿ ಹೇಳಿತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆಯ ಬಳಿಕ, ಅದೇ ತಿಂಗಳ 31ರಂದು ಬಂದ ಕೇಂದ್ರದ ಸುತ್ತೋಲೆಯೂ ವೋಚರಿನ ವ್ಯವಹಾರ ತಾನೇ ಸರಕೂ ಅಲ್ಲ, ಸೇವೆಯೂ ಅಲ್ಲ ಎಂದು ಸ್ಪಷ್ಟಪಡಿಸಿತು. ಹಾಗಾಗಿ ಮುಯ್ಯಿ ಕೊಟ್ಟವರು ₹5,000ದ ವೋಚರಿಗೆ ತೆರಿಗೆ ಕಟ್ಟಿರುವುದಿಲ್ಲ. ಅದರಿಂದ ಕೊಂಡ ಸಾಮಾನಿನ ಮೇಲೆ ಒಂದೇ ಸಲ, ಪೂರ್ತಿ ಮೌಲ್ಯಕ್ಕೆ ತೆರಿಗೆ ಬೀಳುತ್ತದೆ.

ಮೊದಲು ನೋಡಬೇಕಾದ್ದು: ಅದು ವೋಚರೋ, ರಿಯಾಯಿತಿ ಕೂಪನ್ನೋ?

ಲೆಕ್ಕಕ್ಕೆ ಇಳಿಯುವ ಮುನ್ನ ಇದು ಖಚಿತವಾಗಬೇಕು. ಅರ್ಧಕ್ಕರ್ಧ ಜಗಳ ಹುಟ್ಟುವುದು ಈ ಎರಡನ್ನು ಬೆರೆಸಿಕೊಂಡಾಗ. ನೋಡುವುದಕ್ಕೆ ಎರಡೂ ಒಂದೇ ಥರದ ಬಣ್ಣದ ಕಾಗದ, ಇಲ್ಲವೇ ಮೊಬೈಲಿಗೆ ಬಂದ ಒಂದು ಕೋಡ್. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದಕ್ಕೆ ಯಾರಾದರೂ ಹಣ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಅದು ವೋಚರ್. ‘₹10,000ಕ್ಕೆ ಮೇಲ್ಪಟ್ಟ ಖರೀದಿಗೆ ₹500 ಕಡಿತ’ ಎಂದು ಅಂಗಡಿಯವರೇ ಪುಕ್ಕಟೆ ಹಂಚಿದ್ದರೆ ಅದು ರಿಯಾಯಿತಿ. ಮಾರುವಾಗಲೇ ಕೊಟ್ಟು ಬಿಲ್ಲಿನಲ್ಲಿ ಕಾಣಿಸಿದ ರಿಯಾಯಿತಿಯನ್ನು ತೆರಿಗೆಯ ಮೌಲ್ಯದಿಂದ ಕಳೆಯಲು ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 15 ಅವಕಾಶ ಕೊಡುತ್ತದೆ. ಆದ್ದರಿಂದ ರಿಯಾಯಿತಿಯನ್ನು ತೆರಿಗೆಗೆ ಮೊದಲು ಕಳೆಯಬೇಕು, ವೋಚರನ್ನು ತೆರಿಗೆಯ ನಂತರ. ಉಳಿದ ಲೆಕ್ಕವೆಲ್ಲ ಈ ಕ್ರಮದ ಮೇಲೆಯೇ ನಿಂತಿದೆ.

ಲೆಕ್ಕ ಹಾಕುವ ಕ್ರಮ

ಮೊದಲು ವೋಚರಿನಲ್ಲಿ ನಿಜಕ್ಕೂ ಎಷ್ಟು ಉಳಿದಿದೆ ನೋಡಿ. ಮೇಲೆ ₹5,000 ಎಂದು ಅಚ್ಚಾಗಿದ್ದರೂ ಮನೆಯ ಇನ್ಯಾರೋ ಒಂದಷ್ಟು ಬಳಸಿರಬಹುದು. ವೋಚರ್ ಸಂಖ್ಯೆ ಮತ್ತು ಪಿನ್ ಕೊಟ್ಟರೆ ಕೌಂಟರಿನಲ್ಲೇ ಹೇಳುತ್ತಾರೆ. ಅವಧಿಯ ಕೊನೆಯ ದಿನವನ್ನೂ ಆಗಲೇ ನೋಡಿಬಿಡಿ.

ಎರಡನೆಯದು ತೆರಿಗೆ ಬೀಳುವ ಮೌಲ್ಯ. ನಮ್ಮ ಉದಾಹರಣೆಯಲ್ಲಿ ಊಟದ ಮೇಜು ಮತ್ತು ನಾಲ್ಕು ಕುರ್ಚಿಗೆ ತೆರಿಗೆ ಬಿಟ್ಟು ₹12,000. ಮನೆಗೆ ಸಾಗಿಸಲು ಅಂಗಡಿಯವರದೇ ₹1,000. ಒಟ್ಟು ₹13,000. ಸಾಗಣೆಯನ್ನು ಮರೆಯುವವರೇ ಹೆಚ್ಚು. ಅಂಗಡಿಯವರೇ ಸಾಗಿಸಿ ಅದೇ ಬಿಲ್ಲಿನಲ್ಲಿ ಹಾಕಿದರೆ ಅದಕ್ಕೂ ಮೇಜಿನ ದರದಲ್ಲೇ ತೆರಿಗೆ. ನೀವೇ ಗೂಡ್ಸ್ ಆಟೊ ಕರೆದು ಚಾಲಕನ ಕೈಗೆ ಬಾಡಿಗೆ ಕೊಟ್ಟರೆ ಅದು ಈ ಬಿಲ್ಲಿಗೆ ಬರುವುದಿಲ್ಲ. ವೋಚರೂ ಅಲ್ಲಿ ನಡೆಯುವುದಿಲ್ಲ.

ಮೂರನೆಯದು ತೆರಿಗೆ. 13,000ದ ಶೇ 18 ಎಂದರೆ ₹2,340. ರಾಜ್ಯದೊಳಗಿನ ಮಾರಾಟವಾದ್ದರಿಂದ ಬಿಲ್ಲಿನಲ್ಲಿ ಸಿಜಿಎಸ್‌ಟಿ ₹1,170, ಎಸ್‌ಜಿಎಸ್‌ಟಿ ₹1,170 ಎಂದು ಎರಡು ಸಾಲು ಕಾಣುತ್ತದೆ. ಬಿಲ್ಲಿನ ಒಟ್ಟು ಮೊತ್ತ ₹15,340.

ಕೊನೆಯಲ್ಲಿ ವೋಚರ್. 15,340ರಲ್ಲಿ 5,000 ಕಳೆದರೆ ಕೈಯಿಂದ ಕೊಡಬೇಕಾದ್ದು ₹10,340.

ತಪ್ಪು ಲೆಕ್ಕದಲ್ಲಿ ಬಂದದ್ದು ₹9,440. ಎರಡರ ನಡುವಿನ ಅಂತರ ₹900, ಅಂದರೆ ವೋಚರಿನ 5,000ದ ಶೇ 18. ಇದು ಈ ಉದಾಹರಣೆಗೆ ಮಾತ್ರ ಹೊಂದಿದ್ದಲ್ಲ. ವೋಚರನ್ನು ತೆರಿಗೆಗೆ ಮೊದಲೇ ಕಳೆದುಬಿಟ್ಟರೆ ಲೆಕ್ಕ ತಪ್ಪುವುದು ಪ್ರತಿ ಸಲವೂ ‘ವೋಚರ್ ಮೊತ್ತ ಗುಣಿಸು ತೆರಿಗೆ ದರ’ದಷ್ಟೇ, ಸಾಮಾನಿನ ಬೆಲೆ ಎಷ್ಟಿದ್ದರೂ ಸರಿ. ನೀವು ಅಂದುಕೊಂಡದ್ದಕ್ಕೂ ಬಿಲ್ಲಿಗೂ ಸರಿಯಾಗಿ ಇಷ್ಟೇ ವ್ಯತ್ಯಾಸ ಬಂದರೆ, ಜಗಳಕ್ಕೆ ಮೊದಲು ನಿಮ್ಮ ಚೀಟಿಯನ್ನೇ ಇನ್ನೊಮ್ಮೆ ನೋಡಿ.

ಇದೇ ಕಾರಣಕ್ಕೆ ‘ಬೆಲೆ ವೋಚರಿನೊಳಗೇ ಇದೆ’ ಎಂಬ ಧೈರ್ಯವೂ ಕೆಲವೊಮ್ಮೆ ಕೈಕೊಡುತ್ತದೆ. ತೆರಿಗೆ ಬಿಟ್ಟು ₹4,800 ಎಂದು ಬರೆದ ಕಪಾಟು ಬಿಲ್ಲಿನಲ್ಲಿ ₹5,664 ಆಗುತ್ತದೆ. ಮೇಲೆ ₹664 ಕೊಡಬೇಕು. ಶೇ 18ರ ದರದಲ್ಲಿ ₹5,000ದ ವೋಚರ್ ಪೂರ್ತಿ ಭರಿಸುವುದು ತೆರಿಗೆ ಬಿಟ್ಟು ಸುಮಾರು ₹4,237ರ ಸಾಮಾನನ್ನು ಮಾತ್ರ. ವೋಚರ್ ಮೊತ್ತವನ್ನು 1.18ರಿಂದ ಭಾಗಿಸಿದರೆ ಈ ಮಿತಿ ಸಿಗುತ್ತದೆ. ದರ ಶೇ 5 ಆಗಿದ್ದರೆ 1.05ರಿಂದ ಭಾಗಿಸಿ.

ರಿಯಾಯಿತಿಯೂ ಇದ್ದರೆ

ಅದೇ ಅಂಗಡಿಯಲ್ಲಿ ಸಾಮಾನಿನ ಮೇಲೆ ಶೇ 10 ರಿಯಾಯಿತಿಯೂ ಇದೆ ಎನ್ನೋಣ. 12,000ದ ಶೇ 10, ಅಂದರೆ ₹1,200 ಕಳೆದರೆ ₹10,800. ಸಾಗಣೆ ಸೇರಿ ₹11,800. ತೆರಿಗೆ ₹2,124, ಒಟ್ಟು ₹13,924. ವೋಚರ್ ಹೋಗಿ ಕೊಡಬೇಕಾದ್ದು ₹8,924.

ಇಲ್ಲಿ ನಷ್ಟ ಗ್ರಾಹಕರಿಗೇ ಆಗುವ ತಪ್ಪೊಂದಿದೆ. ‘ನೀವು ಕೈಯಿಂದ ಕೊಡುವ ಹಣಕ್ಕೆ ಮಾತ್ರ ರಿಯಾಯಿತಿ’ ಎಂದು ಮೊದಲು ವೋಚರ್ ಕಳೆದು, ಉಳಿದ ₹7,000ಕ್ಕೆ ಶೇ 10 ಕೊಡುತ್ತಾರೆ. ಆಗ ರಿಯಾಯಿತಿ ₹1,200ರ ಬದಲು ₹700. ಕಡಿಮೆಯಾದ ₹500ಕ್ಕೆ ತೆರಿಗೆಯೂ ಸೇರಿ ನಿಮಗೆ ₹590 ಹೆಚ್ಚು ಹೊರೆ. ಆಫರಿನ ಷರತ್ತಿನಲ್ಲೇ ಹಾಗೆಂದು ಬರೆದಿದ್ದರೆ ಬೇರೆ ಮಾತು. ಬರೆದಿಲ್ಲದಿದ್ದರೆ ವೋಚರ್ ಕೂಡ ಹಣವೇ ಎಂದು ಕೇಳುವ ಹಕ್ಕು ನಿಮಗಿದೆ.

ಸಣ್ಣ ಅಂಗಡಿಯವರು ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ಇಟ್ಟುಕೊಳ್ಳಬಹುದು. A2ನಲ್ಲಿ ಸಾಮಾನಿನ ಬೆಲೆ, B2ನಲ್ಲಿ ಸಾಗಣೆ, C2ನಲ್ಲಿ ರಿಯಾಯಿತಿಯ ರೂಪಾಯಿ, D2ನಲ್ಲಿ ದರ (18%), E2ನಲ್ಲಿ ವೋಚರಿನ ಬಾಕಿ:

```
=MAX(0, ROUND((A2+B2-C2)*(1+D2),0)-E2)
```

E2 ಆವರಣದ ಹೊರಗಿರುವುದನ್ನು ಗಮನಿಸಿ. ಅದನ್ನು C2 ಪಕ್ಕಕ್ಕೆ ತಂದರೆ ಮೇಲೆ ಹೇಳಿದ ₹900ರ ತಪ್ಪು ಆಗಿಬಿಡುತ್ತದೆ, ಮತ್ತು ಆ ಕೊರತೆಯ ತೆರಿಗೆಯನ್ನು ಅಂಗಡಿಯವರು ತಮ್ಮ ಜೇಬಿನಿಂದ ತುಂಬಬೇಕಾಗುತ್ತದೆ.

ಎಂಆರ್‌ಪಿ ಇರುವ ಸಾಮಾನು, ಮತ್ತು ಬಟ್ಟೆ

ಮಿಕ್ಸಿ, ಸೋಪು, ಬಿಸ್ಕತ್ತಿನಂಥ ಪೊಟ್ಟಣದ ಸಾಮಾನಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅಲ್ಲಿ ಒಂದೇ ಕಳೆಯುವ ಲೆಕ್ಕ: ₹3,540ರ ಮಿಕ್ಸಿಗೆ ₹2,000ದ ವೋಚರ್ ಕೊಟ್ಟರೆ ₹1,540 ಕೊಟ್ಟು ಬರಬೇಕು. ಆ ₹1,540ರ ಮೇಲೆ ಮತ್ತೆ ಜಿಎಸ್‌ಟಿ ಹಾಕಿದರೆ ಅದು ತಪ್ಪು. ಬಿಲ್ಲಿನಲ್ಲಿ ಮೌಲ್ಯ ₹3,000, ತೆರಿಗೆ ₹540 ಎಂದು ಬಿಡಿಸಿ ತೋರಿಸಿರಬಹುದು. ಅದು ಮಾಹಿತಿಗೆ ಮಾತ್ರ.

ಬಟ್ಟೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿನ ಮಾರಾಟ ಮೌಲ್ಯ ಒಂದಕ್ಕೆ ₹2,500ರವರೆಗಿದ್ದರೆ ಶೇ 5, ಅದನ್ನು ದಾಟಿದರೆ ಶೇ 18. ತೆರಿಗೆ ಬಿಟ್ಟು ₹2,800 ಎಂದು ಬಿಲ್ ಹಾಕುವ ಚೂಡಿದಾರಿಗೆ ₹500ರ ವೋಚರ್ ಕೊಟ್ಟರೂ ಮೌಲ್ಯ ₹2,800 ಆಗಿಯೇ ಉಳಿಯುತ್ತದೆ. ತೆರಿಗೆ ₹504, ಒಟ್ಟು ₹3,304, ಕೈಯಿಂದ ₹2,804. ಅದೇ ₹500 ತೆರಿಗೆಗೆ ಮುಂಚಿನ ರಿಯಾಯಿತಿಯಾಗಿದ್ದರೆ ಮೌಲ್ಯ ₹2,300ಕ್ಕೆ ಇಳಿದು ದರವೇ ಶೇ 5 ಆಗುತ್ತಿತ್ತು, ಕೊಡಬೇಕಾದ್ದು ₹2,415. ಕಾಗದದ ಮೇಲೆ ಒಂದೇ ₹500, ಜೇಬಿಗೆ ₹389ರ ವ್ಯತ್ಯಾಸ. ‘ವೋಚರ್ ಕೊಟ್ಟೆನಲ್ಲ, ಬೆಲೆ 2,500ಕ್ಕಿಂತ ಕಡಿಮೆಯಾಯಿತಲ್ಲ’ ಎಂಬ ವಾದ ಅದಕ್ಕೇ ನಿಲ್ಲುವುದಿಲ್ಲ.

ಬಿಲ್ ಓದುವುದು

ಸರಿಯಾದ ಬಿಲ್ಲಿನಲ್ಲಿ ವೋಚರ್ ಕಾಣುವುದು ಒಟ್ಟು ಮೊತ್ತದ ಕೆಳಗೆ, ನಗದು, ಕಾರ್ಡ್, ಯುಪಿಐ ಎಂದು ಪಾವತಿಯ ವಿವರ ಬರುವ ಜಾಗದಲ್ಲಿ. ‘Taxable Value’ ಎಂಬ ಸಾಲಿಗಿಂತ ಮೇಲೆ ವೋಚರ್ ಕಳೆದಿದ್ದರೆ, ಅಂಗಡಿಯವರು ಅದನ್ನು ರಿಯಾಯಿತಿ ಎಂದು ನಮೂದಿಸಿದ್ದಾರೆ ಎಂದರ್ಥ. ಆ ಕ್ಷಣಕ್ಕೆ ನಿಮಗೆ ₹900 ಉಳಿದಂತೆ ಕಂಡರೂ ಬಿಲ್ಲಿನಲ್ಲಿ ಮೇಜಿನ ಬೆಲೆ ₹5,000 ಕಡಿಮೆ ಎಂದು ದಾಖಲಾಗಿರುತ್ತದೆ. ನಾಳೆ ಸಾಮಾನು ವಾಪಸ್ ಮಾಡಬೇಕಾದಾಗ ಆ ₹5,000 ಎಲ್ಲಿಯೂ ಇರುವುದಿಲ್ಲ. ಸ್ಥಳದಲ್ಲೇ ಬಿಲ್ ಬದಲಿಸಿಕೊಳ್ಳಿ. ಎಂಆರ್‌ಪಿ ಮೇಲೆ ತೆರಿಗೆ ಹೇರಿದ್ದು ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಬಿಲ್ಲಿನ ಸಂಖ್ಯೆ ಸಹಿತ ದೂರು ಕೊಡಬಹುದು.

ವಾಪಸಿನಲ್ಲಿ ಸಾಮಾನ್ಯವಾಗಿ ಹಣ ಬಂದ ದಾರಿಯಲ್ಲೇ ಹಿಂದಿರುಗುತ್ತದೆ: ಮೇಜು, ಕುರ್ಚಿ ಎಲ್ಲವನ್ನೂ ರದ್ದು ಮಾಡಿದರೆ ₹10,340 ನಿಮ್ಮ ಖಾತೆಗೆ, ₹5,000 ಮತ್ತೆ ವೋಚರಾಗಿ. ಒಂದೇ ಕುರ್ಚಿ ಹಿಂದಿರುಗಿಸಿದಾಗಲೇ ತೊಡಕು. ಕುರ್ಚಿಗೆ ₹1,500, ತೆರಿಗೆ ₹270, ಒಟ್ಟು ₹1,770. ಇದು ಖಾತೆಗೆ ಬರುತ್ತದೋ, ವೋಚರಿಗೆ ಸೇರುತ್ತದೋ ಎಂಬುದು ಅಂಗಡಿಯ ನಿಯಮ. ವೋಚರಿನ ಅವಧಿ ಮುಗಿಯುವ ಹೊತ್ತಿಗೆ ಬಂದಿದ್ದರೆ, ಬಿಲ್ ಹಾಕಿಸುವ ಮೊದಲೇ ಇದನ್ನು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.