ಬೆಲ್ಲದ ಆಡ್, ವ್ಯೂ-ಥ್ರೂ ಕನ್ವರ್ಷನ್ ಮತ್ತೆ ನಾವು ಮಾಡಿದ ಅರ್ಧ ಲಿಸ್ಟ್ ಟೆಸ್ಟ್

ಮಂಡ್ಯದ ಒಂದು ಬೆಲ್ಲದ ಅಂಗಡಿಗೆ ಆನ್‌ಲೈನ್ ಆಡ್ಸ್ ನಾನೇ ನೋಡ್ಕೊಳ್ಳೋದು. ಉಂಡೆ ಬೆಲ್ಲ, ಅಚ್ಚು ಬೆಲ್ಲ, ಬೆಲ್ಲದ ಪುಡಿ ಅಷ್ಟೇ ಐಟಂ. ಗಿರಾಕಿಗಳು ಜಾಸ್ತಿ ಮೈಸೂರು, ಬೆಂಗಳೂರಿನೋರು, ಒಂದ್ಸಲ ತಗೊಂಡೋರು ಡಬ್ಬ ಖಾಲಿಯಾದ್ರೆ ತಾವೇ ತಿರ್ಗಾ ಆರ್ಡರ್ ಹಾಕ್ತಾರೆ. ವ್ಯೂ-ಥ್ರೂ ಲೆಕ್ಕ ಕೆಡೋದು ಇಂಥ ಬಿಸಿನೆಸ್‌ಗಳಲ್ಲೇ ಹೆಚ್ಚು.

ವ್ಯೂ-ಥ್ರೂ ಅಂದ್ರೆ ಇಷ್ಟೇ: ಆಡ್ ಸ್ಕ್ರೀನ್ ಮೇಲೆ ಬಂತು, ಅವರು ಕ್ಲಿಕ್ ಮಾಡ್ಲಿಲ್ಲ, ಆಮೇಲೆ ವಿಂಡೋ ಅಂದ್ರೆ ಲೆಕ್ಕಕ್ಕೆ ಹಿಡಿಯೋ ದಿನಗಳು ಮುಗಿಯೋದ್ರೊಳಗೆ ಬೇರೆ ದಾರಿಯಲ್ಲಿ ಬಂದು ಕೊಂಡ್ಕೊಂಡ್ರು, ಆ ಆರ್ಡರ್ ಆಡ್ ಖಾತೆಗೆ ಹೋಗುತ್ತೆ. ಮೆಟಾದಲ್ಲಿ ಮಾಮೂಲಾಗಿ ಇರೋ ಸೆಟ್ಟಿಂಗ್ 7 ದಿನ ಕ್ಲಿಕ್, 1 ದಿನ ವ್ಯೂ, ಎರಡೂ ಸೇರಿಸಿ ಒಂದೇ ನಂಬರ್ ಆಗಿ ರಿಸಲ್ಟ್ಸ್ ಕಾಲಂನಲ್ಲಿ ಕಾಣ್ಸುತ್ತೆ. ಗೂಗಲ್ ಆಡ್ಸ್‌ನಲ್ಲಿ ಇದಕ್ಕೇ ಬೇರೆ ಕಾಲಂ ಇದೆ, ಕನ್ವರ್ಷನ್ಸ್ ಕಾಲಂಗೆ ಸೇರಲ್ಲ, ಹಾಗಾಗಿ ಅಲ್ಲಿ ತಲೆನೋವು ಕಮ್ಮಿ.

ಹಳೇ ಗಿರಾಕಿಗಳಿಗೆ ಅಂತ ಒಂದು ರೀಟಾರ್ಗೆಟಿಂಗ್ ಕ್ಯಾಂಪೇನ್ ಓಡ್ತಿತ್ತು, ರಿಪೋರ್ಟ್ ನೋಡಿದ್ರೆ ಭರ್ಜರಿ. ಅಂಗಡಿ ಯಜಮಾನ್ರು ಮಾತ್ರ ಆರ್ಡರ್ ಲಿಸ್ಟ್ ನೋಡ್ತಾ, "ಅಲ್ಲ ಕಣಣ್ಣ, ಈ ಕುವೆಂಪುನಗರದ ಮೇಡಂ ಪ್ರತಿ ತಿಂಗ್ಳೂ ಮೊದಲ್ನೇ ವಾರ ಎರಡು ಕೆಜಿ ತರಿಸ್ಕೊಳ್ಳೋರೇ, ಇವ್ರಿಗೆ ಆಡ್ ಯಾಕೆ?" ಅಂದ್ರು. ಪಾಯಿಂಟ್ ಸರಿಯಾಗೇ ಇತ್ತು. ಹಂಗಾಗಿ Columns ಮೆನುಲಿ `Compare attribution settings` ಆನ್ ಮಾಡಿ ಕ್ಲಿಕ್ ಬೇರೆ, ವ್ಯೂ ಬೇರೆ ಮಾಡಿಟ್ಕೊಂಡು ಟೆಸ್ಟ್‌ಗೆ ಇಳಿದ್ವಿ.

ಗಿರಾಕಿಗಳ ಲಿಸ್ಟ್‌ನಲ್ಲಿ 4000 ಫೋನ್ ನಂಬರ್ ಇತ್ತು. ಕೊನೇ ಅಂಕಿ ಸರಿಸಂಖ್ಯೆ ಇರೋರು ಒಂದು ಲಿಸ್ಟ್, ಬೆಸ ಇರೋರು ಇನ್ನೊಂದು, ಹೆಚ್ಚುಕಮ್ಮಿ ಎರಡೆರಡು ಸಾವಿರ (ಫ್ಯಾನ್ಸಿ ನಂಬರ್ ಪ್ರಿಯರು ಇದ್ರೂ ಅದ್ರಿಂದ ಬೆಲ್ಲ ತಿನ್ನೋದೇನೂ ಬದಲಾಗಲ್ಲ). ಹಿಂದಿನ ತಿಂಗಳು ಎರಡೂ ಕಡೆ ಆರ್ಡರ್ ಒಂದೇ ಥರ ಇದೆಯಾ ಅಂತ ಮೊದಲೇ ನೋಡ್ಕೊಂಡ್ವಿ, ಅದನ್ನ ನೋಡ್ದೆ ಶುರು ಮಾಡ್ಬೇಡಿ. ಆಮೇಲೆ ಸರಿಸಂಖ್ಯೆಯವರಿಗೆ ಮಾತ್ರ ಆಡ್, ಮಿಕ್ಕ ಎಲ್ಲಾ ಕ್ಯಾಂಪೇನ್‌ಗಳಿಂದ ಎರಡೂ ಲಿಸ್ಟ್ ಹೊರಗೆ. ಎಲ್ಲಾ ನಂಬರ್ರೂ ಮೆಟಾ ಅಕೌಂಟ್ ಜೊತೆ ಮ್ಯಾಚ್ ಆಗಲ್ಲ, ಆದ್ರೂ ಲೆಕ್ಕ ಹಾಕುವಾಗ ಪೂರ್ತಿ ಲಿಸ್ಟೇ ಹಿಡೀಬೇಕು, ಮ್ಯಾಚ್ ಆದೋರನ್ನ ಮಾತ್ರ ಹೆಕ್ಕಿದ್ರೆ ಹೋಲಿಕೆ ಕೆಡುತ್ತೆ.

ತಿಂಗಳ ಕೊನೇಲಿ ಆಡ್ಸ್ ಮ್ಯಾನೇಜರ್ ಹೇಳಿದ್ದು 61 ಖರೀದಿ: ಕ್ಲಿಕ್‌ನಿಂದ 12, ವ್ಯೂನಿಂದ 49. ನಮ್ಮ ಬಿಲ್ ಪ್ರಕಾರ ಆಡ್ ನೋಡಿದ ಲಿಸ್ಟ್‌ನಿಂದ 96 ಆರ್ಡರ್, ಆಡ್ ಇಲ್ಲದ ಲಿಸ್ಟ್‌ನಿಂದ 88. ಆ 49 ನಿಜಕ್ಕೂ ಆಡ್ ತಂದಿದ್ದೇ ಆಗಿದ್ರೆ ಆಡ್ ಇಲ್ಲದ ಕಡೆ 47ರ ಆಸುಪಾಸು ಇರ್ಬೇಕಿತ್ತು, ಬಂದಿದ್ದು 88. ಹಂಗಂತ ಆಡ್ ತಂದಿದ್ದು ಸರಿಯಾಗಿ 8 ಅಂತಾನೂ ಹೇಳೋಕಾಗಲ್ಲ, ಇಷ್ಟು ಚಿಕ್ಕ ನಂಬರ್‌ನಲ್ಲಿ 8ರ ವ್ಯತ್ಯಾಸ ಸುಮ್ನೆ ಅದೃಷ್ಟದಿಂದಲೂ ಬರುತ್ತೆ. 49 ಅನ್ನೋದು ನಿಲ್ಲಲ್ಲ ಅಂತ ಹೇಳೋಕೆ ಮಾತ್ರ ಧಾರಾಳವಾಗಿ ಸಾಕು.

ಈಗ ವಿಂಡೋ ವಿಷಯ. ಒಂದೇ ದಿನದ ವಿಂಡೋ ಇಟ್ರೂ ಯಾಕೆ ಇಷ್ಟು ಉಬ್ಬಿತು ಅಂತ ಸುಮಾರು ಜನ ಕೇಳ್ತಾರೆ. ವಿಂಡೋ ಎಣಿಸೋದು ಆಡ್ ಕಂಡ ಕ್ಷಣದಿಂದ, ಹಳೇ ಗಿರಾಕಿಗೆ ದಿನಾ ಒಂದ್ಸಲ ಆಡ್ ಕಂಡ್ರೆ ದಿನಾ ಹೊಸ 24 ಗಂಟೆ ಶುರು, ಅಂದ್ರೆ ವಿಂಡೋ ಮುಚ್ಚೋದೇ ಇಲ್ಲ. ಆ ಮೇಡಂ ಯಾವತ್ತು ಆರ್ಡರ್ ಹಾಕಿದ್ರೂ ಅದು ವ್ಯೂ-ಥ್ರೂ. ವಿಂಡೋ ಜೊತೆ ಫ್ರೀಕ್ವೆನ್ಸಿನೂ ನೋಡಿ ಅಂತ ನಾನು ಹೇಳೋದು ಅದಕ್ಕೇ.

ಹಾಗಾಗಿ ಹಳೇ ಗಿರಾಕಿಗಳ ಆಡ್ ಸೆಟ್‌ಗೆ ವ್ಯೂ ತೆಗೆದು 7 ದಿನ ಕ್ಲಿಕ್ ಮಾತ್ರ ಇಟ್ಟೆ. ಇದು ಬರೀ ರಿಪೋರ್ಟ್ ಬದಲಾವಣೆ ಅಲ್ಲ, ಆಡ್ ಸೆಟ್‌ನ ಆಟ್ರಿಬ್ಯೂಷನ್ ಸೆಟ್ಟಿಂಗ್ ನೋಡಿಯೇ ಸಿಸ್ಟಂ ಯಾರಿಗೆ ಆಡ್ ತೋರಿಸ್ಬೇಕು ಅಂತ ಕಲಿಯೋದು, ವ್ಯೂ ಇದ್ರೆ ಹೆಂಗೂ ಕೊಳ್ಳೋರನ್ನೇ ಹುಡ್ಕೋಕೆ ಶುರುಮಾಡುತ್ತೆ. ಹೊಸಬರ ಕ್ಯಾಂಪೇನ್‌ನಲ್ಲಿ 1 ದಿನ ವ್ಯೂ ಬಿಟ್ಟಿದೀನಿ, ಯಾಕಂದ್ರೆ ನಮ್ಮ ಹೆಸರೇ ಗೊತ್ತಿಲ್ಲದೋರು ಸಂಜೆ ರೀಲ್ ನೋಡಿ ರಾತ್ರಿ ಗೂಗಲ್‌ನಲ್ಲಿ ಹುಡುಕಿ ಬಂದ್ರೆ ಅದ್ರಲ್ಲಿ ಆಡ್ ಪಾಲು ಇರೋ ಸಾಧ್ಯತೆ ಜಾಸ್ತಿ. ಅಲ್ಲೂ ಬಜೆಟ್ ನಿರ್ಧಾರ ಕ್ಲಿಕ್ ಕಾಲಂ ಮೇಲೇ, ವ್ಯೂ ಪಕ್ಕದಲ್ಲಿ ಇರುತ್ತೆ ಅಷ್ಟೇ. ಗೂಗಲ್ ಡಿಸ್ಪ್ಲೇಲಿ ವ್ಯೂ-ಥ್ರೂ ವಿಂಡೋ 1ರಿಂದ 30 ದಿನದವರೆಗೆ ಇಡಬಹುದು, ತಿಂಗಳಿಗೊಮ್ಮೆ ಖಾಲಿಯಾಗೋ ಸಾಮಾನಿಗೆ 30 ಇಟ್ರೆ ಆಡ್ ಕಂಡ ಹಳೇ ಗಿರಾಕಿಗಳೆಲ್ಲ ಹೆಚ್ಚುಕಮ್ಮಿ ಅದರಲ್ಲೇ ಬೀಳ್ತಾರೆ, ನಮ್ಮದು 1. ಅಲ್ಲಿ ವಿಂಡೋ ಬದಲಾಯಿಸಿದ್ರೆ ಮುಂದಿನ ಲೆಕ್ಕಕ್ಕೆ ಮಾತ್ರ ಅನ್ವಯ, ಹಳೇ ನಂಬರ್ ಹಂಗೇ ಇರುತ್ತೆ, ಅದಕ್ಕೆ ಬದಲಾಯಿಸಿದ ತಾರೀಕು ಶೀಟ್‌ನಲ್ಲಿ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ಎರಡು ತಿಂಗಳಾದ್ಮೇಲೆ ಯಾರಾದ್ರೂ ಪರ್ಫಾರ್ಮೆನ್ಸ್ ಬಿದ್ದೋಯ್ತು ಅಂತ ಫೋನ್ ಮಾಡ್ತಾರೆ.