ಹಾಡು ಕಾರಿನಲ್ಲಿ, ಮಾತು ಫೋನಿನಲ್ಲಿ: ಬ್ಲೂಟೂತ್ ಸರಿಮಾಡಿದ ನನ್ನ ಅನುಭವ

ಪುಣೆಯ ಚಿಂಚವಡದಲ್ಲಿ ಕಾರಿಗೆ ಸ್ಟೀರಿಯೋ, ಹಿಂಬದಿ ಕ್ಯಾಮೆರಾ ಕೂರಿಸುವ ಕೆಲಸ ನನ್ನದು. ಇತ್ತೀಚೆಗೆ ವೈರಿಂಗ್ ದೂರಿಗಿಂತ ಬ್ಲೂಟೂತ್ ದೂರೇ ಜಾಸ್ತಿ. ಅದರಲ್ಲೂ ಒಂದು ದೂರು ಮತ್ತೆ ಮತ್ತೆ ಬರುತ್ತದೆ. ಸ್ಕ್ರೀನ್ ಮೇಲೆ ಕನೆಕ್ಟೆಡ್ ಅಂತ ಇರುತ್ತದೆ, ಹಾಡು ಕಾರಿನಲ್ಲೇ ಬರುತ್ತದೆ. ಆದರೆ ಕಾಲ್ ಬಂದರೆ ಮಾತು ಫೋನಿನ ಸ್ಪೀಕರಿನಲ್ಲಿ, ಕಾಂಟ್ಯಾಕ್ಟ್ ಪಟ್ಟಿ ಖಾಲಿ. ಸ್ಟೀರಿಯೋನೇ ಕೆಟ್ಟಿದೆ ಅಂದುಕೊಂಡು ಹೊಸದು ಹಾಕಿಸಲು ಹೊರಟವರನ್ನು ನೋಡಿದ್ದೇನೆ. ಹಾಡು ಚೆನ್ನಾಗಿ ಬರುತ್ತಿದ್ದರೆ ಬ್ಲೂಟೂತ್ ಭಾಗ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಹೊಸದು ಕೊಳ್ಳುವ ಮಾತು ಕೊನೆಗಿರಲಿ.

ಮೊದಲು ತಿಳಿಯಬೇಕಾದ್ದು ಇಷ್ಟು. ಫೋನಿಗೂ ಕಾರಿಗೂ ಜೋಡಿ ಆದ ಮೇಲೆ ಅದರೊಳಗೆ ಮೂರು ಬೇರೆ ಬೇರೆ ಕೆಲಸ ನಡೆಯುತ್ತವೆ. ಹಾಡಿಗೆ ಒಂದು ದಾರಿ, ಅಂದರೆ ಪ್ರೊಫೈಲ್, ಅದು A2DP. ಕಾಲ್ ಮಾತಿಗೆ ಇನ್ನೊಂದು, HFP. ಹೆಸರು, ನಂಬರು ಕಳಿಸಲು ಮತ್ತೊಂದು, PBAP. ಈ ಮೂರರಲ್ಲಿ ಒಂದೇ ಒಂದು ಜೋಡಿಯಾಗಿದ್ದರೂ ಸ್ಕ್ರೀನ್ ಕನೆಕ್ಟೆಡ್ ಅಂತಲೇ ತೋರಿಸಬಹುದು. ಹಾಗಾಗಿ ನಾನು ಆ ಅಕ್ಷರವನ್ನು ನಂಬುವುದಿಲ್ಲ, ಮೂರನ್ನೂ ಬೇರೆ ಬೇರೆ ನೋಡುತ್ತೇನೆ.

ವಾಕಡದಲ್ಲಿರುವ ಬಾಗಲಕೋಟೆ ಕಡೆಯ ಒಬ್ಬರು ಕಾರು ತಂದಿದ್ದರು. ಕಂಪನಿಯಿಂದಲೇ ಬಂದ ಸ್ಟೀರಿಯೋ, ಫೋನ್ ಆಂಡ್ರಾಯ್ಡ್. "ಅಣ್ಣಾ, ಹಾಡ ಬರ್ತಾವ್, ಮಾತ ಬರಂಗಿಲ್ಲ. ಒಮ್ಮೊಮ್ಮೆ ಬರ್ತದ, ಒಮ್ಮೊಮ್ಮೆ ಇಲ್ಲ" ಅಂದರು. ಈ 'ಒಮ್ಮೊಮ್ಮೆ' ಅನ್ನುವ ಮಾತು ಬಂದರೆ ನಾನು ಕಿವಿ ಕೊಟ್ಟು ಕೇಳುತ್ತೇನೆ. ಸೆಟ್ಟಿಂಗ್ ಆಫ್ ಆಗಿದ್ದರೆ ತೊಂದರೆ ಯಾವಾಗಲೂ ಇರಬೇಕಲ್ವಾ? ಆಗಾಗ ಬಂದು ಹೋದರೆ, ಆಗಾಗ ಕಾರಿಗೆ ಬಂದು ಹೋಗುವ ಇನ್ನೊಂದು ಏನೋ ಇದೆ.

ಕಾರು ನಿಲ್ಲಿಸಿಕೊಂಡೇ ಅವರ ಫೋನಿನಿಂದ ನನ್ನ ನಂಬರಿಗೆ ಕಾಲ್ ಮಾಡಿಸಿದೆ. ಕಾಲ್ ನಡೆಯುತ್ತಿರುವಾಗ ಫೋನಿನ ಸ್ಪೀಕರ್ ಬಟನ್ ಒತ್ತಿ ನೋಡಬೇಕು. ಅಲ್ಲಿ ಒಂದು ಪಟ್ಟಿ ತೆರೆದು ಕಾರಿನ ಹೆಸರೂ ಇದ್ದರೆ, ಕಾಲ್ ದಾರಿ ಜೋಡಿಯಾಗಿದೆ. ಆ ಹೆಸರನ್ನು ಒತ್ತಿದರೆ ಮಾತು ಕಾರಿಗೆ ಹೋಗುತ್ತದೆ. ಪಟ್ಟಿಯೇ ಬರದೆ ಸುಮ್ನೆ ಸ್ಪೀಕರ್ ಆನ್ ಆದರೆ, ಕಾಲ್ ದಾರಿ ಜೋಡಿಯೇ ಆಗಿಲ್ಲ. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯುತ್ತದೆ. ಇವರದ್ದರಲ್ಲಿ ಪಟ್ಟಿ ಬರಲಿಲ್ಲ.

ಆಮೇಲೆ ಫೋನಿನ ಬ್ಲೂಟೂತ್ ಸೆಟ್ಟಿಂಗಿಗೆ ಹೋಗಿ, ಕಾರಿನ ಹೆಸರಿನ ಪಕ್ಕದ ಗೇರ್ ಚಿಹ್ನೆ ಒತ್ತಿದೆ. ಅಲ್ಲಿ `Phone calls`, `Media audio` ಎರಡೂ ಆನ್ ಇದ್ದವು. ಕೆಲವು ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆ ಇರುತ್ತದೆ, ಜಾಗ ಇದೇ. ಅಂದರೆ ಫೋನು ಕಾಲ್ ಕೊಡಲು ತಯಾರಿದೆ, ಕಾರು ತೆಗೆದುಕೊಳ್ಳುತ್ತಿಲ್ಲ.

ಇನ್ನು ಕಾರಿನ ಸರದಿ. ಸ್ಟೀರಿಯೋದ ಬ್ಲೂಟೂತ್ ಪಟ್ಟಿ ತೆರೆದರೆ ಎರಡು ಫೋನ್ ಕಂಡವು. ಇವರ ಫೋನಿನ ಎದುರು ಹಾಡಿನ ಚಿಹ್ನೆ ಮಾತ್ರ ಇತ್ತು. ಕಾಲ್ ಚಿಹ್ನೆ ಇದ್ದದ್ದು ಅವರ ಹೆಂಡತಿಯ ಫೋನಿನ ಎದುರು. ಆಕೆ ಹಿಂದಿನ ಸೀಟಿನಲ್ಲೇ ಕೂತಿದ್ದರು, ಫೋನ್ ಬ್ಯಾಗಿನಲ್ಲಿತ್ತು. ಇಂಥ ಸ್ಟೀರಿಯೋಗಳು ಹಾಡಿಗೆ ಒಂದು ಫೋನ್, ಕಾಲಿಗೆ ಒಂದು ಫೋನ್ ಅಂತ ಹಂಚಿಕೊಳ್ಳುತ್ತವೆ. ಇಬ್ಬರೂ ಕಾರು ಹತ್ತಿದ ದಿನ ಆಕೆಯ ಫೋನು ಮೊದಲು ಹೋಗಿ ಕಾಲ್ ಜಾಗ ಹಿಡಿಯುತ್ತಿತ್ತು. ಇವರೊಬ್ಬರೇ ಆಫೀಸಿಗೆ ಹೋದ ದಿನ ಮಾತು ಕಾರಿನಲ್ಲೇ. "ಅದಕ್ಕ ಒಮ್ಮೆ ನಮ್ಮ ತವರಮನಿ ಮಂದಿ ಹೆಸರು ಕಾರಿನ್ಯಾಗ ಕಂಡಿದ್ವು!" ಅಂದರು ಆಕೆ. ಅದೇ ಗುರುತು. ಪಟ್ಟಿಯಲ್ಲಿ ಬೇರೆಯವರ ಹೆಸರು ಕಂಡರೆ, ಕಾಲ್ ಜಾಗ ಅವರ ಫೋನಿನ ಕೈಯಲ್ಲಿದೆ.

ಆಕೆಯ ಫೋನಿನಲ್ಲಿ ಕಾರಿನ ಹೆಸರಿನ ಪಕ್ಕದ ಗೇರ್ ಚಿಹ್ನೆ ಒತ್ತಿ `Phone calls` ಆಫ್ ಮಾಡಿದೆ, ಹಾಡಿನದ್ದು ಹಾಗೇ ಬಿಟ್ಟೆ. ಪೂರ್ತಿ ಅಳಿಸುವ ಅಗತ್ಯವಿಲ್ಲ, ಆಕೆಗೂ ತನ್ನ ಹಾಡು ಬೇಕಲ್ವಾ. ಗಂಡನ ಫೋನನ್ನು ಡಿಸ್‌ಕನೆಕ್ಟ್ ಮಾಡಿ ಮತ್ತೆ ಜೋಡಿಸಿದಾಗ ಕಾಲ್ ಚಿಹ್ನೆ ಅವರ ಕಡೆ ಬಂತು. ಇನ್ನೊಂದು ಕಾಲ್ ಮಾಡಿಸಿದೆ, ಮಾತು ನಾಲ್ಕೂ ಸ್ಪೀಕರಿನಲ್ಲಿ ಕೇಳಿತು. ಕಾಲ್ ಎತ್ತಬಲ್ಲ ಸ್ಮಾರ್ಟ್‌ವಾಚ್ ಕಟ್ಟಿದವರಿಗೂ ಇದೇ ರೀತಿ ಆಗಬಹುದು. ಅಲ್ಲಿ ಸ್ಪೀಕರ್ ಪಟ್ಟಿಯಲ್ಲಿ ವಾಚಿನ ಹೆಸರು ಕಾಣುತ್ತದೆ, ವಾಚಿನ `Phone calls` ಆಫ್ ಮಾಡಿದರೆ ಆಯಿತು.

ಕಾಲ್ ಸರಿಯಾಯಿತು, ಹೆಸರು ಮಾತ್ರ ಇನ್ನೂ ಬರಲಿಲ್ಲ. ಇದು ಬೇರೆಯೇ ವಿಷಯ. ಮೊದಲ ಸಲ ಜೋಡಿಸುವಾಗ, ಕಾಂಟ್ಯಾಕ್ಟ್ ಮತ್ತು ಕಾಲ್ ಹಿಸ್ಟರಿ ಕಾರಿಗೆ ಕೊಡಬಹುದೇ ಅಂತ ಫೋನ್ ಕೇಳುತ್ತದೆ. ಅವಸರದಲ್ಲಿ ಜನ ಅದನ್ನು ಬೇಡ ಅಂದುಬಿಡುತ್ತಾರೆ, ಇಲ್ಲ ಅದು ನೋಟಿಫಿಕೇಶನ್ ರಾಶಿಯಲ್ಲಿ ಕಳೆದುಹೋಗುತ್ತದೆ. ಗಂಡನ ಫೋನಿನ ಅದೇ ಗೇರ್ ಪುಟದಲ್ಲಿ `Contact sharing` ಆಫ್ ಆಗಿತ್ತು. ಆನ್ ಮಾಡಿದೆ. ಆನ್ ಮಾಡಿದ ತಕ್ಷಣ ಹೆಸರು ಬರದೇ ಇರಬಹುದು. ಎಷ್ಟೋ ಸ್ಟೀರಿಯೋಗಳು ಜೋಡಿಯಾಗುವ ಹೊತ್ತಿನಲ್ಲಿ ಮಾತ್ರ ಪಟ್ಟಿ ಕೇಳುತ್ತವೆ. ಹಾಗಾಗಿ ಫೋನಿನ ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿ, ಕೆಲವು ನಿಮಿಷ ಕಾಯಬೇಕು. ಹೆಸರು ಜಾಸ್ತಿ ಇದ್ದಷ್ಟೂ ಹೊತ್ತು ಹಿಡಿಯುತ್ತದೆ, ನಡುವೆ ಇಗ್ನಿಷನ್ ಆಫ್ ಮಾಡಬಾರದು. ಐಫೋನಿನಲ್ಲಾದರೆ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಪಕ್ಕದ `i` ಒತ್ತಿದರೆ `Sync Contacts` ಸಿಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಜೋಡಿ ಅಳಿಸಿ ಹೊಸದಾಗಿ ಮಾಡುತ್ತೇನೆ. ಅಳಿಸುವುದು ಎರಡೂ ಕಡೆ ಆಗಬೇಕು. ಜೋಡಿಯ ಗುಟ್ಟಿನ ಕೀ ಫೋನಿನಲ್ಲೂ ಇರುತ್ತದೆ, ಕಾರಿನಲ್ಲೂ ಇರುತ್ತದೆ. ಒಂದೇ ಕಡೆ ಅಳಿಸಿದರೆ ಹಳೆಯ ಕೀ ಉಳಿದು ಸುಮ್ನೆ ಗೋಜಲಾಗುತ್ತದೆ. ಹೊಸದಾಗಿ ಜೋಡಿಸುವಾಗ ಫೋನಿನ ಲಾಕ್ ತೆರೆದು ಕೈಯಲ್ಲಿ ಹಿಡಿದಿರಿ, ಆ ಅನುಮತಿಯ ಪ್ರಶ್ನೆ ತಪ್ಪಿಸಿಕೊಳ್ಳಬಾರದು. ಆದರೆ ಗೋವಾಕ್ಕೆ ಹೋಗಿ ಬಾಡಿಗೆ ಕಾರು ಓಡಿಸುವಾಗ ಅದೇ ಪ್ರಶ್ನೆಗೆ ಬೇಡ ಅನ್ನಿ. ಮನೆಯವರ ನಂಬರುಗಳೆಲ್ಲ ಯಾರದೋ ಕಾರಿಗೆ ಯಾಕೆ? ಕಾರು ಮಾರುವಾಗಲೂ ಸ್ಟೀರಿಯೋದಿಂದ ನಿಮ್ಮ ಫೋನ್ ಅಳಿಸಿಯೇ ಕೊಡಿ.

ಆ ಕಾರಿನಲ್ಲಿ ಕೊನೆಗೆ ಹೆಸರುಗಳು ಬಂದವು. ಆದರೆ ಕನ್ನಡದಲ್ಲಿ ಉಳಿಸಿದ್ದ ಹೆಸರುಗಳ ಜಾಗದಲ್ಲಿ ಬರೀ ಚೌಕಗಳು. ಫೋನ್ ಅಕ್ಷರಗಳನ್ನು ಸರಿಯಾಗೇ ಕಳಿಸಿರುತ್ತದೆ, ಸ್ಟೀರಿಯೋದೊಳಗೆ ಕನ್ನಡ ಫಾಂಟ್ ಇಲ್ಲ. ಕಂಪನಿ ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ ಕೊಟ್ಟರೆ ಮಾತ್ರ ಬರುತ್ತದೆ, ನಾವು ಹೊರಗಿನಿಂದ ಹಾಕಲು ಆಗುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಅಲ್ಲಿಯವರೆಗೆ ಉಪಾಯ ಒಂದೇ. ದಿನಾ ಮಾತಾಡುವ ಹತ್ತಿಪ್ಪತ್ತು ಜನರ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ತಿದ್ದಿ, ಮತ್ತೊಮ್ಮೆ ಸಿಂಕ್ ಮಾಡುವುದು. ಅವರು ಅಲ್ಲೇ ಕೂತು 'Avva', 'Anna' ಅಂತ ತಿದ್ದಿದರು. ಅವ್ವನ ಕೈಯಲ್ಲಿ ಒಂದು ಕಾಲ್ ಮಾಡಿಸಿ, ಹೆಸರು ಸ್ಕ್ರೀನಿನಲ್ಲಿ ಬಂದದ್ದನ್ನು ನೋಡಿಕೊಂಡೇ ಹೊರಟರು.